ರಾತ್ರಿ ಎರಡಕ್ಕೆ ರಿಸೆಪ್ಷನ್‌ನಿಂದ ಫೋನು

ನಮ್ಮ ಭಾವ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ‘ಯಾರೇ ಕೇಳಲಿ, ಒಟಿಪಿ ಮಾತ್ರ ಹೇಳಬೇಡಿ’ ಎಂದು ಕೌಂಟರಿನಲ್ಲಿ ಕೂತು ಊರಿಗೆಲ್ಲ ಹೇಳಿದವರು. ಅಂಥವರು ಅಮೆರಿಕದ ಆರ್ಲ್ಯಾಂಡೊದಲ್ಲಿ, ರಾತ್ರಿ ಎರಡಕ್ಕೆ ಹತ್ತು ನಿಮಿಷ ಇರುವಾಗ, ಕನ್ನಡಕವಿಲ್ಲದ ಕಣ್ಣಿಗೆ ಕಾರ್ಡನ್ನು ಹತ್ತಿರ ಹಿಡಿದು ಹದಿನಾರು ಅಂಕಿಗಳನ್ನೂ ಓದಿ ಹೇಳಿದರು. ಒಟಿಪಿಯನ್ನು ಅವರು ಹೇಳಲಿಲ್ಲ, ನಿಜ. ಆದರೆ ಅದನ್ನು ಯಾರೂ ಕೇಳಿಯೂ ಇರಲಿಲ್ಲ.

ಅಕ್ಕನ ಮಗಳು ಅಲ್ಲೇ ಕೆಲಸದಲ್ಲಿದ್ದಾಳೆ. ಅಪ್ಪ ಅಮ್ಮನಿಗೆ ಡಿಸ್ನಿ ತೋರಿಸಲು ಕರೆದುಕೊಂಡು ಹೋಗಿದ್ದಳು. ಅವಳದು ಬೇರೆ ರೂಮು, ಇವರದು 412. ದಿನವಿಡೀ ಬಿಸಿಲಲ್ಲಿ ನಡೆದು ದಣಿದು ಮಲಗಿದ್ದಾಗ ಮಂಚದ ಪಕ್ಕದ ಫೋನು ಹೊಡೆದುಕೊಂಡಿತು. ‘ಸರ್, ಫ್ರಂಟ್ ಡೆಸ್ಕ್‌ನಿಂದ ಮಾತಾಡ್ತಿದ್ದೇನೆ. ನಿದ್ದೆ ಕೆಡಿಸಿದ್ದಕ್ಕೆ ಕ್ಷಮಿಸಿ. ನಮ್ಮ ಕಂಪ್ಯೂಟರ್ ಕೆಟ್ಟು ನಿಮ್ಮ ಕಾರ್ಡಿನ ವಿವರ ಅಳಿಸಿಹೋಗಿದೆ. ಈಗ ಸರಿಪಡಿಸದಿದ್ದರೆ ಬೆಳಿಗ್ಗೆ ನಿಮ್ಮ ಕೀ ಕೆಲಸ ಮಾಡೋದಿಲ್ಲ. ಕೆಳಗೆ ಬರುವ ತೊಂದರೆ ಬೇಡ, ಫೋನಲ್ಲೇ ಹೇಳಿಬಿಡಿ. ತೊಂದರೆ ಕೊಟ್ಟಿದ್ದಕ್ಕೆ ಇವತ್ತಿನ ಬಾಡಿಗೆಯಲ್ಲಿ ಅರ್ಧ ಬಿಡ್ತೇವೆ.’

ಅರ್ಧ ಬಾಡಿಗೆ ಎಂದ ಕೂಡಲೇ ಅಕ್ಕನಿಗೂ ಎಚ್ಚರವಾಯಿತಂತೆ!

ಈ ಮಾತಿನ ಜಾಣತನ ಏನೆಂದರೆ, ಅದರ ಸುತ್ತ ಒಂದಿಷ್ಟು ನಿಜವೂ ಇದೆ. ಹೋಟೆಲಿನ ಲೆಕ್ಕದ ದಿನ ಮಧ್ಯರಾತ್ರಿ ಕಳೆದ ಮೇಲೆ ಮುಗಿಯುತ್ತದೆ. ಜನ ಮಲಗಿದ ಹೊತ್ತಿನಲ್ಲಿ ಆ ದಿನದ ಬಾಡಿಗೆ, ತೆರಿಗೆ ಎಲ್ಲ ಹಾಕಿ ಲೆಕ್ಕ ಕಟ್ಟುವುದಕ್ಕೆ ‘ನೈಟ್ ಆಡಿಟ್’ ಎನ್ನುತ್ತಾರೆ. ಆಗ ಕಾರ್ಡಿನ ತಕರಾರು ಕಣ್ಣಿಗೆ ಬೀಳುವುದೂ ಉಂಟು. ಆದರೆ ಅದಕ್ಕಾಗಿ ಅತಿಥಿಯನ್ನು ಎಬ್ಬಿಸುವುದಿಲ್ಲ. ಚೆಕ್-ಇನ್ ಮಾಡುವಾಗಲೇ ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿದಿರುತ್ತಾರೆ. ಮೊತ್ತ ಸಾಲದಿದ್ದರೆ ಬೆಳಿಗ್ಗೆ ಕಾರ್ಡ್ ತಂದು ಮತ್ತೊಮ್ಮೆ ಮೆಷಿನ್ನಿಗೆ ಹಾಕಲು ಹೇಳುತ್ತಾರೆ. ಇನ್ನು ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿ: ಒಮ್ಮೆ ವ್ಯವಹಾರ ಮುಗಿದ ಮೇಲೆ ಅದನ್ನು ಎಲ್ಲಿಯೂ ಉಳಿಸಿಕೊಳ್ಳಬಾರದು ಎಂಬುದು ಕಾರ್ಡ್ ಕಂಪನಿಗಳ ಸುರಕ್ಷತಾ ನಿಯಮ. ಹಾಗಾಗಿ ಕಂಪ್ಯೂಟರ್ ಕೆಟ್ಟು ಸಿವಿವಿ ಅಳಿಸಿಹೋಯಿತು ಎಂಬ ಮಾತಿಗೆ ಅರ್ಥವೇ ಇಲ್ಲ. ಇರಬಾರದ್ದು ಅಳಿಸಿಹೋಗುವುದೆಲ್ಲಿಂದ?

ಭಾವ ನಂಬಿದ್ದಕ್ಕೆ ಮುಖ್ಯ ಕಾರಣ ಇನ್ನೊಂದು. ಕನ್ನಡಕವಿಲ್ಲದೆ ಓದುವಾಗ ಎಲ್ಲೋ 3 ಇದ್ದದ್ದನ್ನು 8 ಎಂದಿದ್ದರು. ಆ ಕಡೆಯವನು ತಕ್ಷಣ, ‘ಸರ್, ಒಂದು ಅಂಕಿ ತಪ್ಪಿದೆ, ಮೊದಲಿನಿಂದ ಹೇಳಿ’ ಎಂದ. ‘ನೋಡು, ನನ್ನ ನಂಬರು ಅವನ ಮುಂದೆ ಇದೆ, ಅದಕ್ಕೇ ತಪ್ಪು ಗೊತ್ತಾಯಿತು’ ಎಂದುಕೊಂಡರು ಭಾವ. ಅವನ ಮುಂದೆ ಏನೂ ಇರಲಿಲ್ಲ. ಕಾರ್ಡ್ ನಂಬರಿನ ಕೊನೆಯ ಅಂಕಿ ಬರೀ ತಾಳೆ ನೋಡಲು ಇಟ್ಟದ್ದು. ಬಲದಿಂದ ಎಡಕ್ಕೆ ಬರುತ್ತ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಆ ಎರಡನ್ನು ಸೇರಿಸಿ, ಎಲ್ಲ ಕೂಡಿದರೆ ಮೊತ್ತ ಸೊನ್ನೆಯಿಂದ ಕೊನೆಯಾಗಬೇಕು. ಒಂದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಯಾವುದಾದರೂ ಆನ್‌ಲೈನ್ ಅಂಗಡಿಯ ಪುಟದಲ್ಲಿ ನಂಬರು ಹಾಕಿದರೆ ಸಾಕು, ತಪ್ಪಿದ್ದರೆ ಅದೇ ಹೇಳುತ್ತದೆ. ಕಳ್ಳ ಬಹುಶಃ ಆಗಲೇ ಅಂಥದ್ದೊಂದು ಪುಟ ತೆರೆದುಕೊಂಡು ಕೂತಿದ್ದ.

ನಂಬರು ಆಯಿತು, ಅವಧಿ ಮುಗಿಯುವ ತಿಂಗಳು ಆಯಿತು, ಸಿವಿವಿ ಆಯಿತು. ಆಮೇಲೆ ಅವನು, ‘ಕಾರ್ಡಿನ ಮೇಲೆ ಹೆಸರು ಹೇಗಿದೆ, ಹಾಗೇ ಹೇಳಿ’ ಎಂದ. ಭಾವನೊಳಗಿನ ಬ್ಯಾಂಕಿನವರು ಆಗ ಎದ್ದು ಕೂತರು. ಹೋಟೆಲಿನವರ ಹತ್ತಿರ ನನ್ನ ಪಾಸ್‌ಪೋರ್ಟಿನ ಜೆರಾಕ್ಸೇ ಇದೆ, ಹೆಸರು ಗೊತ್ತಿಲ್ಲವೇ? ಫೋನಿಟ್ಟು, ಮತ್ತೆ ಎತ್ತಿ ಸೊನ್ನೆ ಒತ್ತಿದರು. ನಿಜವಾದ ರಿಸೆಪ್ಷನ್ನಿನ ಹುಡುಗಿ, ‘ಇಲ್ಲ ಸರ್, ನಾವು ಯಾರೂ ಫೋನ್ ಮಾಡಿಲ್ಲ’ ಎಂದಳು.

ಈಗ ಒಟಿಪಿಯ ವಿಷಯಕ್ಕೆ ಬರೋಣ. ನಮ್ಮಲ್ಲಿ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ಬೀಗ ಇರಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಆಮೇಲೆ ಒಟಿಪಿಯೇ ಆ ಬೀಗವಾಯಿತು. ಅದಕ್ಕೇ ನಮ್ಮ ಕಳ್ಳರೆಲ್ಲ ಒಟಿಪಿಯ ಹಿಂದೆ ಬಿದ್ದರು, ನಾವೂ ಒಟಿಪಿ ಒಂದನ್ನೇ ಕಾಯಲು ಕಲಿತೆವು. ಅಮೆರಿಕದ ಎಷ್ಟೋ ಅಂಗಡಿಗಳಿಗೆ ಆ ಎರಡನೆಯ ಬೀಗವೇ ಬೇಡ. ನಂಬರು, ತಿಂಗಳು, ಸಿವಿವಿ ಇದ್ದರೆ ಸಾಮಾನು ಹೊರಟಿತು. ನಮ್ಮ ಬ್ಯಾಂಕಿನ ಕಾರ್ಡಾದರೂ ಅಲ್ಲಿನ ಅಂಗಡಿಯಲ್ಲಿ ಒಟಿಪಿ ಬರುತ್ತದೆಂಬ ಖಾತರಿಯಿಲ್ಲ. ಈ ಹೋಟೆಲ್ ಕರೆ ಅಲ್ಲಿ ಹಳೆಯ ಆಟ. ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಪ್ರವಾಸಿಗರಿಗೆ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಭಾವ ಮಗಳ ರೂಮಿಗೆ ಓಡಿದರು. ಅವಳು ಬ್ಯಾಂಕಿನ ಆ್ಯಪ್ ತೆರೆಯುವಷ್ಟರಲ್ಲೇ ಒಂದು ಎಸ್ಸೆಮ್ಮೆಸ್ ಬಂತು: ಒಂದು ಡಾಲರ್ ಖರ್ಚು. ಇದು ಕಾರ್ಡಿಗೆ ಜೀವ ಇದೆಯೇ ಎಂದು ನಾಡಿ ಹಿಡಿದು ನೋಡುವ ಕ್ರಮ. ಚಿಕ್ಕದು ಹೋದರೆ ಹಿಂದೆಯೇ ದೊಡ್ಡದು ಬರುತ್ತದೆ. ಅವಳು ಕಾರ್ಡಿನ ‘ವಿದೇಶಿ ಆನ್‌ಲೈನ್’ ಸ್ವಿಚ್ ಆರಿಸಿದಳು. ಎರಡೇ ನಿಮಿಷಕ್ಕೆ ಮುನ್ನೂರು ಚಿಲ್ಲರೆ ಡಾಲರಿನ ವ್ಯವಹಾರ ತಿರಸ್ಕೃತವಾಗಿದೆ ಎಂಬ ಇನ್ನೊಂದು ಎಸ್ಸೆಮ್ಮೆಸ್ ಬಂತು. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನೇ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಂಡರು.

ಈ ಸ್ವಿಚ್ಚುಗಳು 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಫಲ. ದೇಶದ ಒಳಗೆ, ಹೊರಗೆ, ಎಟಿಎಂ, ಅಂಗಡಿಯ ಮೆಷಿನ್, ಆನ್‌ಲೈನ್ ಎಂದು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹಾಕಬಹುದು, ಆರಿಸಬಹುದು. ವಿದೇಶಕ್ಕೆ ಹೊರಡುವ ಮೊದಲು ಭಾವ ಎಲ್ಲವನ್ನೂ ಒಟ್ಟಿಗೆ ಹಾಕಿದ್ದರು. ಮೆಷಿನ್ನಿನದನ್ನು ಮಾತ್ರ ಹಾಕಿ, ಆನ್‌ಲೈನ್‌ನದನ್ನು ಟಿಕೆಟ್ ಕೊಳ್ಳುವ ಹೊತ್ತಿಗೆ ಹಾಕಿ ಮತ್ತೆ ಆರಿಸಿದ್ದರೆ ಆ ಒಂದು ಡಾಲರೂ ಹೋಗುತ್ತಿರಲಿಲ್ಲ.

ಅಷ್ಟು ಹೊತ್ತಿನಲ್ಲಿ ಬ್ಯಾಂಕಿಗೆ ಯಾಕೆ, ಬೆಳಿಗ್ಗೆ ಮಾಡಿದರಾಯಿತು ಎಂದು ಅಕ್ಕ ಹೇಳಿದ್ದಳಂತೆ. ವಿವರವನ್ನು ನಾವೇ ಬಾಯಿಬಿಟ್ಟು ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಎನ್ನುತ್ತದೆ 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ಬೆಳಗಿನವರೆಗೆ ಮಲಗಿದ್ದರೆ ಆ ನಾಲ್ಕು ತಾಸಿನ ಬೆಲೆ ಎಷ್ಟಾಗುತ್ತಿತ್ತೋ. ಅಮೆರಿಕದ ಕ್ರೆಡಿಟ್ ಕಾರ್ಡಾಗಿದ್ದರೆ ಅಲ್ಲಿನ ಕಾನೂನಿನಂತೆ ಗ್ರಾಹಕನ ಮೇಲೆ ಬೀಳುವುದು ಹೆಚ್ಚೆಂದರೆ 50 ಡಾಲರ್. ಅಲ್ಲಿಯ ಜನ ಒಟಿಪಿಯಿಲ್ಲದೆ ನಿಶ್ಚಿಂತೆಯಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ನನಗೆ ಉಳಿದ ಒಂದೇ ಪ್ರಶ್ನೆ, ಕಳ್ಳನಿಗೆ 412ರಲ್ಲಿ ಇವರಿದ್ದಾರೆಂದು ಹೇಗೆ ಗೊತ್ತಾಯಿತು ಎಂಬುದು. ಭಾವ ಅದನ್ನು ಹೊರಡುವ ದಿನ ರಿಸೆಪ್ಷನ್ನಿನಲ್ಲಿ ಕೇಳಿದ್ದರು. ಅವನಿಗೆ ಗೊತ್ತೇ ಇರಲಿಲ್ಲವಂತೆ. ರಾತ್ರಿ ಹೊತ್ತು ಹೋಟೆಲಿನ ಹೊರಗಿನ ನಂಬರಿಗೆ ಫೋನ್ ಮಾಡಿದರೆ ಯಂತ್ರವೇ ಉತ್ತರಿಸಿ, ‘ಅತಿಥಿಯ ರೂಮಿಗೆ ರೂಮ್ ನಂಬರ್ ಒತ್ತಿ’ ಎನ್ನುತ್ತದೆ. ಹೆಸರು ಕೇಳಿಯೇ ಲೈನ್ ಕೊಡುವ ಹೋಟೆಲುಗಳಲ್ಲಿ ಇದು ನಡೆಯುವುದಿಲ್ಲ, ಇಲ್ಲಿ ನಡೆಯಿತು. ಹಾಗೆ ಬಂದ ಕರೆ ರೂಮಿನೊಳಗೆ ಹೋಟೆಲಿನದೇ ಕರೆಯಂತೆ ಕೇಳುತ್ತದೆ. ಅವನು ನಾಲ್ಕನೇ ಮಹಡಿಯನ್ನು ಸಾಲಾಗಿ ಒತ್ತುತ್ತ ಬಂದಿದ್ದ. 409ರಲ್ಲಿ ಯಾರೂ ಇರಲಿಲ್ಲ. 410ರವರು ಎತ್ತಲಿಲ್ಲ. 411ರವರು ಬೈದು ಇಟ್ಟರಂತೆ.