‘ಸರ್’ ಅಂತ ಮಾತ್ರ ಮೆಸೇಜ್ ಬಂದಾಗ

ರಾತ್ರಿ ಒಂಬತ್ತರ ಹೊತ್ತಿಗೆ ವಾಟ್ಸಾಪಿನಲ್ಲಿ ‘ಸರ್’ ಅಂತ ಒಂದು ಮೆಸೇಜ್ ಬರುತ್ತದೆ. ಅಷ್ಟೇ, ಮುಂದೆ ಏನೂ ಇಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಮೊದಮೊದಲು ಇದರಿಂದ ಸಿಟ್ಟು ಬರುತ್ತಿತ್ತು. ಆಮೇಲೆ ಹೊಳೆಯಿತು, ಸ್ಟಾಫ್ ರೂಮಿನ ಬಾಗಿಲಲ್ಲೂ ಮಕ್ಕಳು ಹೀಗೇ ಮಾಡುತ್ತಾರೆ. ‘ಸರ್’ ಎಂದು ನಿಲ್ಲುತ್ತಾರೆ, ನಾವು ತಲೆ ಎತ್ತಿದ ಮೇಲೆಯೇ ಬಾಯಿ ಬಿಡುತ್ತಾರೆ. ಮೊಬೈಲಿನಲ್ಲಿ ನಾವು ತಲೆ ಎತ್ತಿದ್ದು ಅವರಿಗೆ ಕಾಣುವುದಿಲ್ಲ.

‘ಏನು?’ ಎಂದು ಉತ್ತರಿಸಿದರೆ ಅಂಜುವ ಮಗು ‘ಏನಿಲ್ಲ ಸರ್’ ಎನ್ನುತ್ತದೆ. ‘ಹೇಳು’ ಎಂದರೆ ‘ಒಂದು ಡೌಟ್ ಸರ್’ ಎಂದು ಬಂದು ಮತ್ತೆ ನಿಲ್ಲುತ್ತದೆ. ಹಾಗಾಗಿ ನಾನು ಮೊದಲ ಉತ್ತರದಲ್ಲೇ ಮುಂದಿನ ದಾರಿಯನ್ನೂ ಹೇಳಿಬಿಡುತ್ತೇನೆ: ‘ಹೇಳಮ್ಮ, ಪಾಠದ್ದಾ, ಬೇರೆ ವಿಷಯವಾ? ಪಾಠದ್ದಾದರೆ ನೋಟ್ಸಿನ ಫೋಟೊ ಕಳಿಸು. ಟೈಪ್ ಮಾಡೋದು ಕಷ್ಟ ಆದರೆ ಮಾತಾಡಿ ವಾಯ್ಸ್ ಮೆಸೇಜ್ ಹಾಕು. ಹತ್ತು ಗಂಟೆವರೆಗೂ ನೋಡ್ತೀನಿ, ಆಮೇಲೆ ಬೆಳಿಗ್ಗೆ.’

ಹತ್ತನೇ ತರಗತಿಯ ಹುಡುಗಿಯೊಬ್ಬಳು ಇದಕ್ಕೆ ನೋಟ್ಸಿನ ಒಂದು ಪುಟ ಕಳಿಸಿದಳು. ಪೀನ ಮಸೂರದ ಸಂಗಮದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ ಮೂಡುತ್ತದೆ ಎಂಬ ಲೆಕ್ಕ. ಅವಳಿಗೆ ಬಂದ ಉತ್ತರ 12. ಹಿಂದೆ ಕೊಟ್ಟಿದ್ದು 60. ಮೂರು ಸಲ ಅಳಿಸಿ ಬರೆದು ಹಾಳೆ ಸವೆದಿತ್ತು. ಸೂತ್ರ ಸರಿಯಾಗಿಯೇ ಇತ್ತು:

```
1/v - 1/u = 1/f
```

ಆದರೆ u ಎದುರು −30 ಎನ್ನುವ ಬದಲು ಬರೀ 30 ಬರೆದಿದ್ದಳು. ಉತ್ತರ ಬರೆದು ಕಳಿಸುವುದು ಸುಲಭವಿತ್ತು. ಅದರ ಬದಲು, ‘ವಸ್ತು ಮಸೂರದ ಯಾವ ಕಡೆ ಇದೆ?’ ಎಂದಷ್ಟೇ ಕೇಳಿದೆ. ‘ಎಡಗಡೆ ಸರ್’ ಎಂದಳು. ಸ್ವಲ್ಪ ಹೊತ್ತಿಗೆ ‘ಅಯ್ಯೋ, ಮೈನಸ್!’ ಎಂದು ಬಂತು.

ನಮ್ಮ ಉತ್ತರಕ್ಕೆ ತಕ್ಷಣ ಮರುಮಾತು ಬಾರದಿದ್ದರೆ ಅಗೌರವ ಎಂದುಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಫೋನು ಅಪ್ಪನದು. ಅವರು ಕೇಳಿದ ಕೂಡಲೇ ಕೊಟ್ಟುಬಿಡಬೇಕು. ನಾವು ಬರೆದದ್ದನ್ನು ಮನೆಮಂದಿ ಓದುತ್ತಾರೆ ಎಂಬುದೂ ಇದರಿಂದಲೇ ನೆನಪಿರಬೇಕು.

ಒಂದು ಲಕ್ಷಣಕ್ಕೆ ಮಾತ್ರ ನಾನು ಕಾಯುವುದಿಲ್ಲ. ‘ಸರ್’ ಎಂದ ಮೇಲೆ ಏನೋ ಬರೆದು ಅಳಿಸುವುದು, ಮತ್ತೆ ಬರೆದು ಅಳಿಸುವುದು. ಲೆಕ್ಕ ಕೇಳುವ ಮಕ್ಕಳು ಹೀಗೆ ಮಾಡುವುದು ಅಪರೂಪ. ಆಗ ‘ಏನಾಯ್ತು, ಯಾರು ಏನಂದರು’ ಎಂದು ಮೆಸೇಜಿನಲ್ಲಿ ಕೆದಕುವುದಿಲ್ಲ. ‘ಈಗ ಫೋನ್ ಮಾಡಲಾ? ಹೂಂ, ಬೇಡ, ಯಾವುದಾದರೂ ಒಂದು ಹೇಳಿದರೆ ಸಾಕು’ ಎಂದು ಕೇಳುತ್ತೇನೆ. ಬೇಡ ಎಂದರೆ ಮರುದಿನ ಪ್ರಾರ್ಥನೆಗೆ ಮೊದಲೇ ಹುಡುಕಿಕೊಂಡು ಹೋಗುತ್ತೇನೆ. ಹುಡುಗಿಯಾದರೆ ಅವಳಿಗೆ ಹಿಡಿಸುವ ಮೇಡಂ ಒಬ್ಬರನ್ನು ಜೊತೆಗೆ ಕರೆಯುತ್ತೇನೆ. ಮಗು ಅಪಾಯದಲ್ಲಿದೆ ಎನಿಸಿದರೆ ಬೆಳಗಿನವರೆಗೆ ಬಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಎರಡಕ್ಕೂ ಮೇಷ್ಟರೇ ಕರೆ ಮಾಡಿ ಕೇಳಬಹುದು.