ಠೇವಣಿಗೆ ತುಟ್ಟಿಭತ್ಯೆ ಕೊಡುವವರು ಯಾರು?

"ಅಸಲು ಇಪ್ಪತ್ತು ಲಕ್ಷ ಇಟ್ಟಲ್ಲೇ ಇದೆ. ಬಂದ ಬಡ್ಡಿ ಮಾತ್ರ ಖರ್ಚು ಮಾಡ್ತಿದೀನಿ. ಹಾಗಿದ್ದೂ ದುಡ್ಡು ಕರಗ್ತಿದೆ ಅಂತೀಯಲ್ಲ ಕೂಸೇ, ಅದು ಹೇಗೆ?"

ಶಿವಮೊಗ್ಗದಲ್ಲಿರುವ ಅಜ್ಜ ನನ್ನನ್ನು ಕೇಳಿದ ಪ್ರಶ್ನೆ ಇದು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 72. ತಿಂಗಳಿಗೆ 35,000 ರೂಪಾಯಿ ಪಿಂಚಣಿ. ನಿವೃತ್ತಿಯಾದಾಗ ಬಂದ ಹಣದಲ್ಲಿ ಉಳಿದ 20 ಲಕ್ಷ ಒಂದೇ ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಠೇವಣಿಯಾಗಿದೆ. ವರ್ಷಕ್ಕೆ 1,40,000 ರೂಪಾಯಿ ಬಡ್ಡಿ, ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಲೆಕ್ಕದ ಮೇಷ್ಟ್ರಿಗೆ ಲೆಕ್ಕ ಒಪ್ಪಿಸುವುದು ಸುಲಭದ ಕೆಲಸವಲ್ಲ. ಬಾಯಿಮಾತಿಗೆ ಅವರು ಬಗ್ಗುವುದಿಲ್ಲ, ಹಾಳೆಯ ಮೇಲೆ ಬರೆದೇ ತೋರಿಸಬೇಕು.

ಮೊದಲು ತೆರಿಗೆಯ ವಿಷಯ, ಏಕೆಂದರೆ ಅಜ್ಜನ ಸಿಟ್ಟೆಲ್ಲ ಅದರ ಮೇಲಿತ್ತು. 2025-26ರಲ್ಲಿ ಬ್ಯಾಂಕಿನವರು ಅವರ ಬಡ್ಡಿಯಿಂದ 14,000 ರೂಪಾಯಿ ಮುರಿದುಕೊಂಡಿದ್ದರು. ಇದಕ್ಕೆ ಟಿಡಿಎಸ್ ಎನ್ನುತ್ತಾರೆ. ಅರವತ್ತು ದಾಟಿದವರಿಗೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ ವರ್ಷದ ಬಡ್ಡಿ ಒಂದು ಲಕ್ಷ ಮೀರಿದರೆ, ಮೀರಿದ ಭಾಗಕ್ಕಷ್ಟೇ ಅಲ್ಲ, ಇಡೀ ಬಡ್ಡಿಗೆ ಶೇ 10 ಮುರಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20. "ಹದಿನಾಲ್ಕು ಸಾವಿರ ತೆರಿಗೆ ಹೋಯ್ತು" ಎಂದು ಅಜ್ಜ ಗೊಣಗುತ್ತಿದ್ದರು. ಆದರೆ ಅದು ತೆರಿಗೆಯಲ್ಲ, ತೆರಿಗೆಯ ಲೆಕ್ಕಕ್ಕೆ ಮುಂಗಡವಾಗಿ ಹಿಡಿದಿಟ್ಟ ಹಣ. ನಿಜವಾದ ತೆರಿಗೆ ಎಷ್ಟು ಎನ್ನುವುದು ವರ್ಷದ ಒಟ್ಟು ಆದಾಯದ ಮೇಲೆ ನಿಂತಿದೆ.

ಅಜ್ಜನ ಪಿಂಚಣಿ ವರ್ಷಕ್ಕೆ 4,20,000. ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿಗೆ ಸಿಗುವ 75,000ದ ಕಡಿತ ಕಳೆದು, ಬಡ್ಡಿಯ 1,40,000 ಕೂಡಿಸಿದರೆ 4,85,000. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 85,000ಕ್ಕೆ ಶೇ 5ರಂತೆ 4,250 ರೂಪಾಯಿ. ಆದಾಯ 12 ಲಕ್ಷ ಮೀರದವರಿಗೆ ಸಿಗುವ ರಿಯಾಯಿತಿಯಲ್ಲಿ ಅದೂ ಹೊರಟುಹೋಗುತ್ತದೆ. ಅಂದರೆ ಅಜ್ಜ ಕಟ್ಟಬೇಕಾದ ತೆರಿಗೆ ಸೊನ್ನೆ. ವರ್ಷದ ಶುರುವಿನಲ್ಲೇ ಬ್ಯಾಂಕಿಗೆ 15ಎಚ್ ಫಾರಂ ಕೊಟ್ಟಿದ್ದರೆ ಹಣ ಮುರಿಯುತ್ತಲೇ ಇರಲಿಲ್ಲ. ಕೊಡದೆ ಹೋದದ್ದರಿಂದ ರಿಟರ್ನ್ ಸಲ್ಲಿಸಿ ಆ 14,000 ವಾಪಸ್ ಪಡೆಯಬೇಕು. ಮುರಿದ ಮೊತ್ತ 26ಎಎಸ್ ಪಟ್ಟಿಯಲ್ಲಿ ಅವರ ಪ್ಯಾನ್ ಹೆಸರಿನಲ್ಲಿ ನಮೂದಾಗಿರುತ್ತದೆ. ರಿಟರ್ನ್ ತುಂಬುವ ಮೊದಲು ಅದನ್ನು ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ಅಲ್ಲಿಗೆ ಅಜ್ಜನಿಗೆ ಶೇ 7 ಪೂರ್ತಿ ಸಿಕ್ಕಿತು. ಇನ್ನು ಕರಗುವ ಮಾತು.

"ನಿಮ್ಮ ಪಿಂಚಣಿಗೆ ತುಟ್ಟಿಭತ್ಯೆ ಯಾಕೆ ಕೊಡ್ತಾರೆ ಅಜ್ಜ?"

"ಬೆಲೆ ಏರುತ್ತಲ್ಲ, ಅದಕ್ಕೆ."

"ಹಾಗಾದರೆ ನಿಮ್ಮ ಇಪ್ಪತ್ತು ಲಕ್ಷಕ್ಕೆ ತುಟ್ಟಿಭತ್ಯೆ ಯಾರು ಕೊಡ್ತಾರೆ?"

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಪ್ರಶ್ನೆ ತಾಗಿದೆ ಎಂದು ಅದರ ಅರ್ಥ.

ಬೆಲೆಗಳು ವರ್ಷಕ್ಕೆ ಶೇ 5 ಏರುತ್ತವೆ ಎಂದಿಟ್ಟುಕೊಳ್ಳೋಣ. ಇವತ್ತು 20 ಲಕ್ಷಕ್ಕೆ ಸಿಗುವ ಸಾಮಾನಿಗೆ ಮುಂದಿನ ವರ್ಷ 21 ಲಕ್ಷ ಬೇಕು. ಅಸಲಿನ ಶಕ್ತಿ ಇದ್ದ ಹಾಗೇ ಉಳಿಯಬೇಕಾದರೆ ಬಡ್ಡಿಯಲ್ಲಿ ಒಂದು ಲಕ್ಷವನ್ನು ಅಸಲಿಗೇ ಸೇರಿಸಬೇಕು. ಠೇವಣಿಯ ತುಟ್ಟಿಭತ್ಯೆ ಅದು, ಬಡ್ಡಿಯ ಹೊಟ್ಟೆಯೊಳಗೇ ಅಡಗಿ ಬರುತ್ತದೆ. ಮಿಕ್ಕ 40,000 ಮಾತ್ರ ನಿಜವಾದ ಗಳಿಕೆ. ಶೇಕಡಾವಾರು ಬೇಕಿದ್ದರೆ 1.07 ಅನ್ನು 1.05ರಿಂದ ಭಾಗಿಸಿ, ಶೇ 1.9 ಬರುತ್ತದೆ. ಅಜ್ಜ ಪೂರ್ತಿ 1,40,000ವನ್ನೂ ಖರ್ಚು ಮಾಡುತ್ತಿದ್ದುದರಿಂದ ಪಾಸ್‌ಬುಕ್ಕಿನಲ್ಲಿ 20 ಲಕ್ಷ ಹಾಗೇ ಕಾಣುತ್ತಿತ್ತು. ಹತ್ತು ವರ್ಷ ಇದೇ ರೀತಿ ನಡೆದರೆ ಆ 20 ಲಕ್ಷಕ್ಕೆ ಸಿಗುವುದು ಇವತ್ತಿನ ಹನ್ನೆರಡೂಕಾಲು ಲಕ್ಷದ ಸಾಮಾನು.

ಶೇ 5 ಎಲ್ಲಿಂದ ಬಂತು ಎಂದು ಅಜ್ಜ ಕೇಳದೆ ಬಿಡುತ್ತಾರೆಯೇ? ಅದು ನನ್ನ ಅಂದಾಜು. ಚಿಲ್ಲರೆ ಬೆಲೆಗಳ ಏರಿಕೆ 2022-23ರಲ್ಲಿ ಶೇ 6.7, ಮರುವರ್ಷ 5.4, 2024-25ರಲ್ಲಿ 4.6 ಇತ್ತು. 2025ರ ಅಕ್ಟೋಬರಿನಲ್ಲಿ ತರಕಾರಿ ಬೆಲೆ ಕುಸಿದು ಶೇ 0.25ಕ್ಕೆ ಇಳಿದಿತ್ತು. ಅಂಥ ಒಂದು ತಿಂಗಳನ್ನು ನಂಬಿ ಹತ್ತು ವರ್ಷದ ಲೆಕ್ಕ ಹಾಕಲಾಗದು. ರಿಸರ್ವ್ ಬ್ಯಾಂಕಿನ ಗುರಿಯೇ ಶೇ 4. ಅಲ್ಲದೆ ಸರ್ಕಾರದ ಸೂಚ್ಯಂಕ ದೇಶದ ಸರಾಸರಿ ಮನೆಯ ಖರ್ಚನ್ನು ಅಳೆಯುತ್ತದೆ. ಅಜ್ಜನ ಮನೆಯಲ್ಲಿ ಶಾಲಾ ಫೀಸಿಲ್ಲ, ಮದ್ದು ಮಾತ್ರೆಯ ಚೀಟಿ ಉದ್ದವಿದೆ. ಅವರ ಅನುಭವಕ್ಕೆ ಬರುವ ದರ ಬೇರೆಯೇ.

"ನಮ್ಮ ಕಾಲದಲ್ಲಿ ಹನ್ನೆರಡು ಹದಿಮೂರು ಪರ್ಸೆಂಟ್ ಬಡ್ಡಿ ಕೊಡ್ತಿದ್ರು" ಎಂದರು ಅಜ್ಜ. ಕೊಡುತ್ತಿದ್ದರು, ನಿಜ. ಆದರೆ 1991ರಲ್ಲಿ ಬೆಲೆಗಳೂ ಶೇ 13ಕ್ಕಿಂತ ಹೆಚ್ಚು ಏರಿದ್ದವು. ಆ ಬಡ್ಡಿಯಲ್ಲಿ ನಿಜವಾದ ಗಳಿಕೆ ಏನೂ ಇರಲಿಲ್ಲ, ಪೂರ್ತಿ ತುಟ್ಟಿಭತ್ಯೆಯೇ. ಇತ್ತ 2021ರಲ್ಲಿ ಶೇ 5.5ರ ಆಸುಪಾಸಿನ ಬಡ್ಡಿಗೆ ಐದು ವರ್ಷದ ಠೇವಣಿ ಇಟ್ಟವರಿಗೆ 2022-23ರ ಒಂದು ವರ್ಷ ಅಸಲಿನಲ್ಲೇ ನಷ್ಟವಾಯಿತು.

ತೆರಿಗೆಗೂ ಬೆಲೆಯೇರಿಕೆಗೂ ಇರುವ ನಂಟು ಕಾಣುವುದು ದೊಡ್ಡ ಸಂಬಳದವರ ಲೆಕ್ಕದಲ್ಲಿ. ನನ್ನ ಮಾವನ ಹೆಸರಿನಲ್ಲೂ 20 ಲಕ್ಷದ ಠೇವಣಿ ಇದೆ, ಬಡ್ಡಿ ಅದೇ 1,40,000 ಎಂದುಕೊಳ್ಳಿ. ಅವರು ಶೇ 30ರ ಹಂತದಲ್ಲಿದ್ದಾರೆ, ಸೆಸ್ ಸೇರಿ 31.2. ತೆರಿಗೆಗೆ 43,680 ರೂಪಾಯಿ ಹೋಗುತ್ತದೆ. ನಿಜವಾದ ಗಳಿಕೆ ಇದ್ದದ್ದು 40,000! ಬಡ್ಡಿಯಲ್ಲಿ ಎಷ್ಟು ಭಾಗ ಬರೀ ತುಟ್ಟಿಭತ್ಯೆ ಎಂದು ಕಾಯ್ದೆ ನೋಡುವುದಿಲ್ಲ, ಪೂರ್ತಿ ಬಡ್ಡಿಗೂ ತೆರಿಗೆ ಹಾಕುತ್ತದೆ. ಹೀಗಾಗಿ ಅದೇ ಠೇವಣಿಯಲ್ಲಿ ಅಜ್ಜನಿಗೆ ಸಣ್ಣ ಲಾಭ, ಮಗನಿಗೆ ಸಣ್ಣ ನಷ್ಟ. ನನಗಂತೂ ಇದು ನ್ಯಾಯವೆನಿಸುವುದಿಲ್ಲ. ಆದರೆ ಇದನ್ನು ತಪ್ಪಿಸಲು ಅಜ್ಜನ ಹೆಸರಿಗೆ ಹಣ ಹಾಕುವ ಮನೆಗಳು ಕಾಗದಪತ್ರ ಸರಿಯಾಗಿ ಇಟ್ಟುಕೊಳ್ಳದಿದ್ದರೆ ಮುಂದೆ ಅಣ್ಣತಮ್ಮಂದಿರ ಜಗಳಕ್ಕೆ ದಾರಿಯಾಗುತ್ತದೆ.

"ಹಾಗಾದರೆ ನಾನೇನು ಮಾಡ್ಲಿ?"

ಪಿಂಚಣಿಯಲ್ಲಿ ಮನೆ ನಡೆದು, ಮೇಲೆ ತಿಂಗಳಿಗೆ ಮೂರು ಮೂರೂವರೆ ಸಾವಿರ ಬೇಕಾಗುತ್ತದೆ ಎಂದರು. ಮಿಕ್ಕ ಬಡ್ಡಿ ಕೇಳಿದವರಿಗೆಲ್ಲ ಕೊಟ್ಟೇ ಖರ್ಚಾಗುತ್ತಿತ್ತಂತೆ. ಠೇವಣಿ ನವೀಕರಿಸುವಾಗ ಅದನ್ನು ಎರಡಾಗಿ ಒಡೆದೆವು. ಆರು ಲಕ್ಷ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುವ ಠೇವಣಿಗೆ ಹೋಯಿತು. ಕಂತಿಗೆ 10,500 ಬರುತ್ತದೆ. ಹದಿನಾಲ್ಕು ಲಕ್ಷ ಬಡ್ಡಿ ಅಸಲಿಗೇ ಸೇರುವ ಠೇವಣಿಗೆ ಹೋಯಿತು. ಶೇ 7ಕ್ಕೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟಿದರೆ ಅದು ವರ್ಷಕ್ಕೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ ಬೆಳೆಯುತ್ತದೆ. ಇಡೀ ಇಪ್ಪತ್ತು ಲಕ್ಷಕ್ಕೆ ಬೇಕಾದ ತುಟ್ಟಿಭತ್ಯೆ ಅಲ್ಲಿಗೆ ಸಿಕ್ಕಿತು.

ಇದರಲ್ಲಿ ಒಂದು ತೊಡಕಿದೆ. ಕೈಗೆ ಬಾರದ ಆ ಬಡ್ಡಿಯನ್ನೂ ಬ್ಯಾಂಕು ವರ್ಷ ವರ್ಷವೂ ಆದಾಯವೆಂದೇ ಲೆಕ್ಕ ಹಾಕಿ ಟಿಡಿಎಸ್ ಮುರಿಯುತ್ತದೆ. ಆದ್ದರಿಂದ ಏಪ್ರಿಲ್ ಮೊದಲ ವಾರ ಫಾರಂ ತುಂಬಿ ಕೊಡುವುದನ್ನು ಅಜ್ಜ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ. ಇನ್ನು, ಮದ್ದಿನ ಖರ್ಚು ಏರಿದ ಹಾಗೆ ಕಂತಿನ 10,500 ಸಾಲದಾಗುತ್ತದೆ. ಆಗ ಬೆಳೆದಿರುವ ಆ ದೊಡ್ಡ ಠೇವಣಿಯಿಂದ ಒಂದಿಷ್ಟು ತೆಗೆದು ಇತ್ತ ಸೇರಿಸಬೇಕು.