ಆಹ್ವಾನ ಪತ್ರದ ನಾಲ್ಕು ಸಾಲು

ಅಮೆರಿಕದಲ್ಲಿರುವ ಮಕ್ಕಳು ಬಾಣಂತನಕ್ಕೋ ಮೊಮ್ಮಗುವಿನ ನಾಮಕರಣಕ್ಕೋ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವಾಗ ಒಂದು ಆಹ್ವಾನ ಪತ್ರ ಬರೆದು ಕಳಿಸುವುದು ವಾಡಿಕೆ. ಪ್ರವಾಸಿ ವೀಸಾಕ್ಕೆ ಇಂಥ ಪತ್ರ ಬೇಕಿಲ್ಲವೆಂದು ಅಲ್ಲಿನ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ಸಂದರ್ಶನ ಮುಗಿಯಲು ಸಾಮಾನ್ಯವಾಗಿ ಕೆಲವೇ ನಿಮಿಷ ಸಾಕು. ಅಧಿಕಾರಿಯ ಪರದೆಯ ಮೇಲೆ DS-160 ಅರ್ಜಿ ತೆರೆದಿರುತ್ತದೆ, ಪತ್ರವನ್ನು ಅವರು ಕೈಗೆತ್ತಿಕೊಳ್ಳದೆಯೂ ಇರಬಹುದು. ಹಾಗಾಗಿ ಪತ್ರದಿಂದ ಆಗುವ ಲಾಭ ಸಣ್ಣದು. ಆದರೆ ಅದರ ಒಂದು ಸಾಲು ಅರ್ಜಿಗೋ ಅಪ್ಪನ ಬಾಯಿಮಾತಿಗೋ ತಾಳೆಯಾಗದಿದ್ದರೆ ನಷ್ಟ ದೊಡ್ಡದು.

ದಾವಣಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ ಎಂದಿಟ್ಟುಕೊಳ್ಳೋಣ. ಡಲ್ಲಾಸ್‌ನಲ್ಲಿರುವ ಮಗಳು ಬರೆದಿದ್ದಾಳೆ: ‘ನನ್ನ ಪತಿ ದೊಡ್ಡ ಬ್ಯಾಂಕೊಂದರಲ್ಲಿ ಎಂಜಿನಿಯರ್. ತಂದೆಗೆ ಊರಿನಲ್ಲಿ ಎಂಟು ಎಕರೆ ಅಡಿಕೆ ತೋಟವಿದೆ. ಇಬ್ಬರೂ ಆರು ತಿಂಗಳು ನಮ್ಮ ಜೊತೆಗಿರುತ್ತಾರೆ. ಖರ್ಚೆಲ್ಲ ನಮ್ಮದು.’ ಓದಿದರೆ ತಪ್ಪೇನೂ ಕಾಣುವುದಿಲ್ಲ. ಈಗ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ತೋರಿಸುವ ಕಾಗದ ಯಾವುದು ಎಂದು ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಬೇಕು.

ಮೊದಲ ಸಾಲಿಗೆ ಬೇಕಾದದ್ದು ಅಳಿಯನ ಎಚ್-1ಬಿ ಅನುಮೋದನೆ ಪತ್ರ, ಅಂದರೆ I-797. ತೆಗೆದು ನೋಡಿದರೆ ಅದರಲ್ಲಿ ಬ್ಯಾಂಕಿನ ಹೆಸರೇ ಇಲ್ಲ, ಒಂದು ಕನ್ಸಲ್ಟಿಂಗ್ ಕಂಪನಿಯ ಹೆಸರಿದೆ. ಅಳಿಯ ಕೂರುವುದು ಬ್ಯಾಂಕಿನ ಆಫೀಸಿನಲ್ಲಿ, ಸಂಬಳ ಕೊಡುವುದು ಕಂಪನಿ. ನಮ್ಮ ಐಟಿ ಹುಡುಗರಲ್ಲಿ ಇದು ತೀರಾ ಸಾಮಾನ್ಯ, ಆದರೆ ಅತ್ತೆ-ಮಾವನಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ‘ಇಂಥ ಕಂಪನಿಯ ನೌಕರ, ಸದ್ಯ ಅದರ ಗ್ರಾಹಕರಾದ ಬ್ಯಾಂಕಿಗೆ ಕೆಲಸ ಮಾಡುತ್ತಿದ್ದಾರೆ’ ಎಂದು ಬರೆದರೆ ಸರಿಹೋಗುತ್ತದೆ.

ತೋಟದ ಸಾಲು ಇದಕ್ಕಿಂತ ತೊಡಕಿನದು. ಪಹಣಿ ತೆಗೆಸಿದರೆ ಇನ್ನೂ ಮೇಷ್ಟ್ರ ತಂದೆಯ ಹೆಸರು ಬರುತ್ತದೆ. ಹಿರಿಯರು ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ ಆಗಿಲ್ಲ, ಮೂವರು ಅಣ್ಣತಮ್ಮಂದಿರ ಪಾಲೂ ಆಗಿಲ್ಲ. ಊರಲ್ಲಿ ಎಲ್ಲರೂ ‘ಮೇಷ್ಟ್ರ ತೋಟ’ ಎನ್ನುತ್ತಾರೆ, ನಿಜ. ಆದರೆ ಎಂಟು ಎಕರೆ ಅವರದೆಂದು ತೋರಿಸಲು ಕಾಗದವಿಲ್ಲ. ಅಲ್ಲಿ ‘ಅಣ್ಣತಮ್ಮಂದಿರ ಜೊತೆ ಕುಟುಂಬದ ತೋಟ ನೋಡಿಕೊಳ್ಳುತ್ತಾರೆ’ ಎಂದಿದ್ದರೆ ಮಾತು ನಿಜವೂ ಹೌದು, ಊರಿಗೆ ಮರಳಿ ಬರಬೇಕಾದ ಕಾರಣವೂ ಗಟ್ಟಿಯಾಗುತ್ತದೆ. ನನ್ನ ಕೇಳಿದರೆ, ಪಿಂಚಣಿ ಪುಸ್ತಕವೇ ಎಂಟು ಎಕರೆಗಿಂತ ವಾಸಿ.

ಉಳಿದ ಎರಡು ಸಾಲುಗಳನ್ನು ಅರ್ಜಿಯ ಎದುರಿಗಿಟ್ಟು ನೋಡಿದರೆ ಸಾಕು. ಸೈಬರ್ ಸೆಂಟರಿನಲ್ಲಿ ತುಂಬಿಸಿದ DS-160ಯಲ್ಲಿ ವಾಸ್ತವ್ಯ ಮೂರು ತಿಂಗಳು, ಖರ್ಚು ಸ್ವಂತದ್ದು ಎಂದಿದೆ. ಆರು ತಿಂಗಳು ಎಂಬ ಮಾತು ಬಂದದ್ದು ವಿಮಾನ ನಿಲ್ದಾಣದ ಅಧಿಕಾರಿ ಸಾಮಾನ್ಯವಾಗಿ ಅಷ್ಟು ಅವಧಿ ಕೊಡುತ್ತಾರೆ ಎಂಬುದರಿಂದ. ಅದು ಗರಿಷ್ಠ ಅವಕಾಶವೇ ಹೊರತು ಇವರ ಯೋಜನೆಯಲ್ಲ. ನಿಜವಾದ ಯೋಜನೆ ಯಾವುದೋ ಅದೇ ಎರಡೂ ಕಡೆ ಇರಬೇಕು. ತಪ್ಪಿರುವುದು ಅರ್ಜಿಯಲ್ಲಾದರೆ ಪತ್ರವನ್ನು ಅದಕ್ಕೆ ಹೊಂದಿಸಬಾರದು, ಅರ್ಜಿಯನ್ನೇ ಸರಿಪಡಿಸಬೇಕು. ಸಲ್ಲಿಸಿದ DS-160ಯನ್ನು ತಿದ್ದಲು ಬರುವುದಿಲ್ಲ. ಹೊಸದೊಂದನ್ನು ತುಂಬಿ, ಅದರ ದೃಢೀಕರಣ ಸಂಖ್ಯೆಯನ್ನು ಸಂದರ್ಶನಕ್ಕೆ ಮುಂಚೆಯೇ ಅಪಾಯಿಂಟ್‌ಮೆಂಟ್ ಖಾತೆಯಲ್ಲಿ ಬದಲಾಯಿಸಬೇಕು.

ಪತ್ರದಲ್ಲಿ ಹೇಳದೆ ಬಿಟ್ಟದ್ದೂ ಎದುರಾಗಬಹುದು. ಮೇಷ್ಟ್ರ ತಮ್ಮನೊಬ್ಬ ಅಮೆರಿಕದ ಪೌರನಾಗಿ, ಎಷ್ಟೋ ವರ್ಷದ ಹಿಂದೆ ‘ಅಣ್ಣನಿಗೂ ಇರಲಿ’ ಎಂದು ವಲಸೆ ಅರ್ಜಿ ಹಾಕಿರುತ್ತಾನೆ. ಒಡಹುಟ್ಟಿದವರ ಸರದಿಯಲ್ಲಿ ಭಾರತೀಯರು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಗುವುದರಿಂದ ಮನೆಯಲ್ಲಿ ಎಲ್ಲರೂ ಅದನ್ನು ಮರೆತಿರುತ್ತಾರೆ. ಇಂಥ ಅರ್ಜಿ ಇದೆಯೇ, ಹಿಂದೆ ವೀಸಾ ನಿರಾಕರಣೆ ಆಗಿತ್ತೇ ಎಂದು DS-160 ನೇರವಾಗಿ ಕೇಳುತ್ತದೆ, ದಾಖಲೆಯೂ ಅವರ ಬಳಿಯೇ ಇರುತ್ತದೆ. ‘ಹೌದು’ ಎಂದರೆ ಪ್ರಶ್ನೆ ಹೆಚ್ಚಬಹುದು. ಬೇಕೆಂದೇ ‘ಇಲ್ಲ’ ಎಂದು ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಮರಳಿ ಬರುತ್ತಾರೆಂಬ ಭರವಸೆ ಸಾಲದೆ 214(b) ಅಡಿ ನಿರಾಕರಿಸಿದರೆ ಅದು ಅಷ್ಟು ಗಂಭೀರವಲ್ಲ, ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ.

ಕಡೆಯದಾಗಿ, ಪತ್ರ ಇರುವುದು ಇಂಗ್ಲಿಷಿನಲ್ಲಿ, ಅದನ್ನು ಅಪ್ಪ-ಅಮ್ಮ ಓದಿಯೇ ಇರುವುದಿಲ್ಲ. ಮಗಳು ಫೋನಿನಲ್ಲಿ ಕನ್ನಡದಲ್ಲೇ ಕೇಳಲಿ: ‘ಅಪ್ಪಾಜಿ, ನಿಮ್ಮಳಿಯ ಎಲ್ಲಿ ಕೆಲಸ ಮಾಡ್ತಾರೆ? ಎಷ್ಟು ದಿನ ಇರ್ತೀರಿ? ಟಿಕೆಟ್ ದುಡ್ಡು ಯಾರದು?’ ಅಮ್ಮನನ್ನೂ ಬೇರೆಯಾಗಿ ಕೇಳಬೇಕು. ಉರು ಹೊಡೆಸುವುದು ಬೇಡ, ಉರು ಹೊಡೆದ ಮಾತು ಒಂದು ಅಡ್ಡಪ್ರಶ್ನೆಗೇ ತಡವರಿಸುತ್ತದೆ. ‘ಮೂರು ತಿಂಗಳು’ ಎಂದು ಅಪ್ಪ, ‘ಮಗುವಿಗೆ ವರ್ಷ ತುಂಬೋವರೆಗೂ’ ಎಂದು ಅಮ್ಮ ಹೇಳಿದರೆ, ಪತ್ರವನ್ನು ಬದಿಗಿಟ್ಟು ಮೊದಲು ಮನೆಯವರು ಎಷ್ಟು ದಿನವೆಂದು ತೀರ್ಮಾನಿಸಿಕೊಳ್ಳಬೇಕು.